ಸಾವಿರ ಆಂಪಿಯರ್ ಎಂದರೆ ಎಷ್ಟು?

ಎತ್ತರದ ವಸತಿ ಕಟ್ಟಡದ ಪ್ರತಿ ಮಹಡಿಯಲ್ಲೂ ಲಿಫ್ಟಿನ ಆಸುಪಾಸಿನಲ್ಲಿ ಬೀಗ ಹಾಕಿದ ಒಂದು ಕಿರಿದಾದ ಬಾಗಿಲು ಇರುತ್ತದೆ. ಅದನ್ನು ತೆರೆದರೆ ನೆಲಮಾಳಿಗೆಯಿಂದ ಮೇಲಿನ ಮಹಡಿಯವರೆಗೆ ನೆಟ್ಟಗೆ ಏರಿಹೋಗುವ ಉದ್ದನೆಯ ಲೋಹದ ಪೆಟ್ಟಿಗೆ ಕಾಣುತ್ತದೆ. ಅದೇ ಬಸ್‌ಬಾರ್ ಟ್ರಂಕಿಂಗ್. ಒಳಗೆ ಅಲ್ಯೂಮಿನಿಯಂ ಅಥವಾ ತಾಮ್ರದ ಚಪ್ಪಟೆ ಪಟ್ಟಿಗಳಿವೆ: ಮೂರು ಫೇಸಿಗೆ ಮೂರು, ನ್ಯೂಟ್ರಲ್‌ಗೆ ಒಂದು. ಸುಮಾರು 3 ಮೀಟರ್ ಉದ್ದದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಬೋಲ್ಟ್ ಬಿಗಿದು ಇಡೀ ಕಟ್ಟಡಕ್ಕೆ ಒಂದೇ ವಿದ್ಯುತ್ ದಾರಿ ಮಾಡುತ್ತಾರೆ. ಪ್ರತಿ ಮಹಡಿಯಲ್ಲಿ ಅದಕ್ಕೊಂದು ಟ್ಯಾಪ್-ಆಫ್ ಬಾಕ್ಸ್ ಕಚ್ಚಿಸಿ ಆ ಮಹಡಿಯ ಮನೆಗಳಿಗೆ ಕರೆಂಟು ಕೊಡುತ್ತಾರೆ. ಇಂಥ ಲಂಬ ವ್ಯವಸ್ಥೆಗೆ ರೈಸಿಂಗ್ ಮೇನ್ ಎಂದು ಹೆಸರು.

ಆ ಪೆಟ್ಟಿಗೆಯ ಮೇಲೆ ಅಂಟಿಸಿದ ಫಲಕದಲ್ಲಿ 1000 ಆಂಪಿಯರ್ ಎಂದು ಬರೆದಿದೆ ಎನ್ನೋಣ. ಆ ಅಂಕಿಗೆ ಒಂದು ಷರತ್ತಿದೆ. ಪ್ರಯೋಗಾಲಯದಲ್ಲಿ, ದಿನದ ಸರಾಸರಿ 35 ಡಿಗ್ರಿ ಸೆಲ್ಸಿಯಸ್ ಇರುವ ಗಾಳಿಯಲ್ಲಿ, ಮೂರೂ ಫೇಸಿನಲ್ಲಿ ಸಮನಾದ ಕರೆಂಟು ಹರಿದಾಗ ಪಟ್ಟಿಗಳ ಬಿಸಿ ಮಿತಿಯೊಳಗೆ ಉಳಿಯುತ್ತದೆ ಎಂಬುದಷ್ಟೇ ಅದರ ಅರ್ಥ. ಈ ಪರೀಕ್ಷೆಯ ಕ್ರಮವನ್ನು ಐಇಸಿ 61439-6 ಎಂಬ ಮಾನಕ ಹೇಳುತ್ತದೆ. ಕಟ್ಟಡದೊಳಗೆ ಬಂದ ಮೇಲೆ ಆ ಸಾವಿರದಲ್ಲಿ ಎಷ್ಟು ಉಳಿಯುತ್ತದೆ? ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕಿ ನೋಡೋಣ.

ಬೇಡಿಕೆಯ ಲೆಕ್ಕ

ಬೆಂಗಳೂರಿನಲ್ಲಿ 30 ಮಹಡಿಗಳ ಕಟ್ಟಡವೊಂದನ್ನು ಊಹಿಸಿಕೊಳ್ಳಿ. ಮಹಡಿಗೆ 4 ಮನೆಯಂತೆ ಒಟ್ಟು 120 ಮನೆಗಳು. ಪ್ರತಿ ಮನೆಗೆ 8 ಕಿಲೋವ್ಯಾಟ್ ಲೋಡು. ಎಲ್ಲವನ್ನೂ ಕೂಡಿದರೆ 960 ಕಿಲೋವ್ಯಾಟ್ ಆಗುತ್ತದೆ. ಆದರೆ 120 ಮನೆಗಳ ಗೀಸರ್, ಇಂಡಕ್ಷನ್ ಒಲೆ, ಎ.ಸಿ., ಇಸ್ತ್ರಿಪೆಟ್ಟಿಗೆ ಒಂದೇ ನಿಮಿಷದಲ್ಲಿ ಚಾಲೂ ಆಗುವುದಿಲ್ಲ. ಆದ್ದರಿಂದ ವಿನ್ಯಾಸಕಾರರು ಒಟ್ಟು ಲೋಡಿನ ಒಂದು ಪಾಲನ್ನಷ್ಟೇ ಏಕಕಾಲದ ಬೇಡಿಕೆ ಎಂದು ಹಿಡಿಯುತ್ತಾರೆ. ನಮ್ಮ ಲೆಕ್ಕಕ್ಕೆ ಅರ್ಧ ಎಂದುಕೊಳ್ಳೋಣ: 480 ಕಿಲೋವ್ಯಾಟ್. ಲಿಫ್ಟು, ನೀರಿನ ಪಂಪು, ಬೆಂಕಿ ನಂದಿಸುವ ಪಂಪುಗಳಿಗೆ ಬೇರೆಯೇ ಲೈನುಗಳಿವೆ. ಅವು ಇದರಲ್ಲಿ ಸೇರಿಲ್ಲ.

415 ವೋಲ್ಟು, 0.9 ಪವರ್ ಫ್ಯಾಕ್ಟರ್ ಇಟ್ಟುಕೊಂಡರೆ 480 ಕಿಲೋವ್ಯಾಟಿಗೆ ಪ್ರತಿ ಫೇಸಿನಲ್ಲಿ 742 ಆಂಪಿಯರ್ ಬೇಕು. ಮನೆಗಳೆಲ್ಲ ಮೂರು ಫೇಸಿಗೆ ಸರಿಸಮನಾಗಿ ಹಂಚಿಹೋಗುವುದಿಲ್ಲವಾದ್ದರಿಂದ ಅತಿ ಹೆಚ್ಚು ಹೊರೆ ಬೀಳುವ ಫೇಸಿಗೆ ಇನ್ನೂ ಶೇ. 10 ಸೇರಿಸೋಣ. ಆಗ 816 ಆಂಪಿಯರ್ ಆಯಿತು. ಮಾರುಕಟ್ಟೆಯಲ್ಲಿ 800 ಮತ್ತು 1000 ಆಂಪಿಯರಿನ ಬಸ್‌ಬಾರ್‌ಗಳು ಸಿಗುತ್ತವೆ. 816ಕ್ಕೆ 800 ಸಾಲದು, ಆದರೆ ಕೊರತೆ ಬರೀ 16. ಖರ್ಚು ಉಳಿಸುವ ಮಾತು ಬಂದಾಗಲೆಲ್ಲ "800ರಲ್ಲೇ ನಡೆದುಹೋಗುತ್ತದೆ" ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ಆ ವಾದ ಎಲ್ಲಿ ಮುರಿಯುತ್ತದೆ ಎಂದು ತಿಳಿಯಲು ಶಾಫ್ಟಿನ ಒಳಗಿನ ಬಿಸಿಯನ್ನು ನೋಡಬೇಕು.

ಶಾಫ್ಟಿನ ಒಳಗಿನ ಬಿಸಿ

ಕರೆಂಟು ಹರಿದಲ್ಲೆಲ್ಲ ಲೋಹ ಬಿಸಿಯಾಗುತ್ತದೆ. ಆ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಕರೆಂಟು ಶೇ. 10 ಹೆಚ್ಚಾದರೆ ಬಿಸಿ ಶೇ. 21 ಹೆಚ್ಚುತ್ತದೆ. ನಮ್ಮ 1000 ಆಂಪಿಯರಿನ ಬಸ್‌ಬಾರ್‌ನಲ್ಲಿ ಒಂದೊಂದು ಅಲ್ಯೂಮಿನಿಯಂ ಪಟ್ಟಿಯೂ 100 ಮಿ.ಮೀ. ಅಗಲ, 6 ಮಿ.ಮೀ. ದಪ್ಪ ಇದೆ ಎಂದುಕೊಳ್ಳೋಣ. 742 ಆಂಪಿಯರ್ ಹರಿಯುವಾಗ ಮೂರೂ ಫೇಸ್ ಸೇರಿ ಪ್ರತಿ ಮೀಟರಿಗೆ ಸುಮಾರು 104 ವ್ಯಾಟ್ ಶಾಖ ಹೊಮ್ಮುತ್ತದೆ.

ಇಷ್ಟು ಶಾಖ ಎಲ್ಲ ಮಹಡಿಯಲ್ಲೂ ಇರುವುದಿಲ್ಲ. ಪೂರ್ತಿ ಕರೆಂಟು ಹರಿಯುವುದು ಬುಡದಲ್ಲಿ ಮಾತ್ರ. ಮೇಲೇರುತ್ತಾ ಪ್ರತಿ ಮಹಡಿಯೂ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. 15ನೇ ಮಹಡಿಯ ಹೊತ್ತಿಗೆ ಕರೆಂಟು ಅರ್ಧವಾಗಿರುತ್ತದೆ, ಶಾಖ ನಾಲ್ಕನೇ ಒಂದು ಪಾಲಿಗೆ, ಎಂದರೆ ಮೀಟರಿಗೆ 26 ವ್ಯಾಟಿಗೆ ಇಳಿದಿರುತ್ತದೆ. 90 ಮೀಟರಿನ ಶಾಫ್ಟಿನುದ್ದಕ್ಕೂ ಕೂಡಿದರೆ ಸುಮಾರು 3 ಕಿಲೋವ್ಯಾಟ್ ಬರುತ್ತದೆ. ಸಂಜೆಯ ಬೇಡಿಕೆ ಏರಿದ ಹೊತ್ತಿನಲ್ಲಿ ಆ ಮುಚ್ಚಿದ ಗೂಡಿನೊಳಗೆ ಸ್ನಾನದ ಮನೆಯ ಗೀಸರೊಂದು ಬಿಡದೆ ಉರಿಯುತ್ತಿದ್ದಂತೆ ಅದು. ಮಹಡಿ ಮಹಡಿಗೂ ಮುಚ್ಚಿದ ಶಾಫ್ಟಿನಲ್ಲಿ ಗಾಳಿಯಾಡಲು ದಾರಿಯಿಲ್ಲ. ಬಾಗಿಲ ಮೂಲಕ, ಗೋಡೆಯ ಮೂಲಕ ಸೋರಿದಷ್ಟೇ ಶಾಖ ಹೊರಗೆ. ಪಡುವಣ ಗೋಡೆಗೆ ಅಂಟಿಕೊಂಡ ಶಾಫ್ಟಾದರೆ ಬಿಸಿಲಿನ ಕಾವೂ ಸೇರುತ್ತದೆ. ಆದ್ದರಿಂದ ಹೊರಗೆ 34 ಡಿಗ್ರಿ ಇದ್ದ ದಿನ ಶಾಫ್ಟಿನ ಗಾಳಿ 45 ಡಿಗ್ರಿ ಇರುತ್ತದೆಂದು ಹಿಡಿಯುವುದು ಅತಿಯಾದ ಎಚ್ಚರಿಕೆಯೇನಲ್ಲ.

ಪರೀಕ್ಷೆಯ 35 ಡಿಗ್ರಿಗಿಂತ ಹೆಚ್ಚಾದ ಈ 10 ಡಿಗ್ರಿಯ ಬೆಲೆ ಎಷ್ಟು? ಈ ಬಸ್‌ಬಾರ್‌ನ ಪಟ್ಟಿಗಳು 35 ಡಿಗ್ರಿಯ ಗಾಳಿಗಿಂತ 70 ಡಿಗ್ರಿ ಮೇಲಕ್ಕೇರಬಹುದೆಂದು ತಯಾರಕರು ನಿಗದಿ ಮಾಡಿದ್ದಾರೆ ಎನ್ನೋಣ. ಹಾಗಾದರೆ ಪಟ್ಟಿಯ ಗರಿಷ್ಠ ಉಷ್ಣತೆ 105 ಡಿಗ್ರಿ. ಗಾಳಿಯೇ 45 ಇದ್ದರೆ ಪಟ್ಟಿಗೆ ಏರಲು ಉಳಿದದ್ದು 60 ಡಿಗ್ರಿ ಮಾತ್ರ. ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ 60ನ್ನು 70ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.926 ಬರುತ್ತದೆ. ಸಾವಿರ ಆಂಪಿಯರ್ 926ಕ್ಕೆ ಇಳಿಯಿತು.

ಇನ್ನೊಂದು ಕಡಿತ ನಮ್ಮ ಮನೆಗಳಿಂದಲೇ ಬರುತ್ತದೆ. ಎಲ್ಇಡಿ ದೀಪ, ಕಂಪ್ಯೂಟರ್, ಮೊಬೈಲ್ ಚಾರ್ಜರ್ ಮುಂತಾದ ಎಲೆಕ್ಟ್ರಾನಿಕ್ ಸಾಧನಗಳು ಕರೆಂಟನ್ನು ನುಣುಪಾದ ಅಲೆಯಾಗಿ ಎಳೆಯುವುದಿಲ್ಲ, ತುಂಡು ತುಂಡಾಗಿ ಎಳೆಯುತ್ತವೆ. ಹಾಗೆ ಎಳೆದಾಗ 50 ಹರ್ಟ್ಸಿನ ಜೊತೆಗೆ 150 ಹರ್ಟ್ಸಿನ ಅಲೆಯೂ ಹುಟ್ಟುತ್ತದೆ. ಇದನ್ನು ಮೂರನೇ ಹಾರ್ಮೋನಿಕ್ ಎನ್ನುತ್ತಾರೆ. ಮೂರು ಫೇಸಿನ 50 ಹರ್ಟ್ಸಿನ ಕರೆಂಟುಗಳು ಸಮನಾಗಿದ್ದರೆ ನ್ಯೂಟ್ರಲಿನಲ್ಲಿ ಸೇರಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. 150 ಹರ್ಟ್ಸಿನವು ಹಾಗಲ್ಲ. ಮೂರೂ ಒಂದೇ ತಾಳದಲ್ಲಿ ಬಂದು ಕೂಡಿಕೊಳ್ಳುತ್ತವೆ. ಪ್ರತಿ ಫೇಸಿನಲ್ಲಿ ಶೇ. 20ರಷ್ಟು ಮೂರನೇ ಹಾರ್ಮೋನಿಕ್ ಇದ್ದರೆ ನ್ಯೂಟ್ರಲಿನಲ್ಲಿ ಶೇ. 60 ಕರೆಂಟು ಹರಿಯುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ತಣ್ಣಗಿದ್ದ ನಾಲ್ಕನೇ ಪಟ್ಟಿ ಇಲ್ಲಿ ಬಿಸಿಯಾಗುತ್ತದೆ. ಒಟ್ಟು ಶಾಖ ಶೇ. 16ರಷ್ಟು ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಬಸ್‌ಬಾರ್‌ನ ಸಾಮರ್ಥ್ಯ ಇನ್ನೂ ಶೇ. 7ರಷ್ಟು ಕುಗ್ಗುತ್ತದೆ. 926 ಈಗ 859 ಆಯಿತು. ನ್ಯೂಟ್ರಲ್ ಪಟ್ಟಿಯನ್ನು ಫೇಸಿನ ಅರ್ಧ ಗಾತ್ರಕ್ಕೆ ಇಳಿಸಿ ದುಡ್ಡು ಉಳಿಸುವ ಹಳೆಯ ಪದ್ಧತಿ ಇಂದಿನ ವಸತಿ ಕಟ್ಟಡಗಳಿಗೆ ಏಕೆ ಹೊಂದುವುದಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಬೇಡಿಕೆ 816, ಕೈಯಲ್ಲಿರುವುದು 859. ಸಾವಿರದ ಬಸ್‌ಬಾರ್ ಪಾಸಾಯಿತು, ಆದರೆ ಉಳಿದ ಅಂತರ ಶೇ. 5 ಮಾತ್ರ. 800ರ ಬಸ್‌ಬಾರ್ ಆಗಿದ್ದರೆ ಇದೇ ಲೆಕ್ಕದಲ್ಲಿ 687ಕ್ಕೆ ಬಂದು ನಿಲ್ಲುತ್ತಿತ್ತು. ಕೊರತೆ 16 ಆಂಪಿಯರ್ ಅಲ್ಲ, 129 ಆಂಪಿಯರ್. ಅದನ್ನು ಹಾಕಿದ ದಿನವೇ ಏನೂ ಆಗುವುದಿಲ್ಲ. ನಿರೋಧಕ ಹೊದಿಕೆ ಮಿತಿಗಿಂತ ಹೆಚ್ಚಿನ ಬಿಸಿಯಲ್ಲಿ ವರ್ಷಗಟ್ಟಲೆ ಬೇಯುತ್ತಾ ಬಿರುಸಾಗುತ್ತದೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಹೊದಿಕೆಯ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಇಂಜಿನಿಯರುಗಳ ಅನುಭವದ ಸೂತ್ರ.

ವೋಲ್ಟೇಜ್ ಇಳಿತವನ್ನೂ ಒಮ್ಮೆ ನೋಡಿಬಿಡೋಣ. ಪ್ಯಾನೆಲ್‌ನಿಂದ ಶಾಫ್ಟಿನವರೆಗೆ 20 ಮೀಟರ್ ಅಡ್ಡದಾರಿ, ಅಲ್ಲಿಂದ 90 ಮೀಟರ್ ಏರು ಇದ್ದರೆ ಮೇಲಿನ ಮಹಡಿಗೆ ತಲುಪುವಾಗ ಸುಮಾರು 5.5 ವೋಲ್ಟ್ ಕಳೆದಿರುತ್ತದೆ. ಇದು ಶೇ. 1.3; ಚಿಂತೆಯಿಲ್ಲ.

ಜೋಡಣೆ ಎಂಬ ಸೂಕ್ಷ್ಮ ಜಾಗ

ಇಷ್ಟು ಹೊತ್ತು ಲೆಕ್ಕ ಹಾಕಿದ್ದು ಅಖಂಡ ಪಟ್ಟಿಗೆ. ಆದರೆ ರೈಸಿಂಗ್ ಮೇನ್‌ನಲ್ಲಿ ಮಹಡಿಗೊಂದರಂತೆ ಜೋಡಣೆಗಳಿವೆ, ಬಿಸಿಯ ತೊಂದರೆ ಮೊದಲು ಕಾಣುವುದೂ ಅಲ್ಲೇ. ಅಲ್ಯೂಮಿನಿಯಂ ಗಾಳಿಗೆ ತಗುಲಿದ ಕೂಡಲೇ ಅದರ ಮೇಲೆ ಕರೆಂಟು ಬಿಡದ ಆಕ್ಸೈಡ್ ಪೊರೆ ಕಟ್ಟುತ್ತದೆ. ಅದಕ್ಕೇ ಜೋಡಣೆಯ ಜಾಗದಲ್ಲಿ ತವರ ಮುಂತಾದ ಲೇಪನ ಕೊಡುತ್ತಾರೆ. ಒಂದೇ ದೊಡ್ಡ ಬೋಲ್ಟು ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಅದುಮುತ್ತದೆ. ಅದರ ಕೆಳಗೆ ಬಟ್ಟಲಿನಾಕಾರದ ಸ್ಪ್ರಿಂಗ್ ವಾಷರ್ ಇದ್ದು, ಲೋಹ ಹಿಗ್ಗಿ ಕುಗ್ಗಿದರೂ ಒತ್ತಡ ಸಡಿಲವಾಗದಂತೆ ನೋಡಿಕೊಳ್ಳುತ್ತದೆ. ಹಲವು ತಯಾರಕರು ಬೋಲ್ಟಿಗೆ ಎರಡು ತಲೆ ಇಡುತ್ತಾರೆ. ಸ್ಪ್ಯಾನರ್ ಹಾಕಿ ತಿರುಗಿಸುತ್ತಾ ಹೋದಂತೆ ಬಿಗಿತ ಸರಿಯಾದ ಕ್ಷಣದಲ್ಲಿ ಹೊರತಲೆ ಟಕ್ ಎಂದು ಮುರಿದು ಕೈಗೆ ಬರುತ್ತದೆ. ಮುರಿಯದೆ ಉಳಿದ ತಲೆ ಕಂಡರೆ ಆ ಜೋಡಣೆ ಇನ್ನೂ ಬಿಗಿಯಾಗಿಲ್ಲ ಎಂದು ಕೆಳಗೆ ನಿಂತ ಮೇಲ್ವಿಚಾರಕರಿಗೂ ಗೊತ್ತಾಗುತ್ತದೆ.

ಸಡಿಲ ಜೋಡಣೆಯನ್ನು ಪತ್ತೆ ಹಚ್ಚಲು ಥರ್ಮಲ್ ಕ್ಯಾಮೆರಾ ಬೇಕು, ಅದೂ ಬೇಡಿಕೆ ಏರಿದ ಸಂಜೆ 7ರ ಆಸುಪಾಸಿನಲ್ಲಿ. ಮಧ್ಯಾಹ್ನ ಅರ್ಧ ಕರೆಂಟಿನಲ್ಲಿ ನೋಡಿದರೆ ಬಿಸಿಯ ವ್ಯತ್ಯಾಸ ನಾಲ್ಕನೇ ಒಂದು ಪಾಲಷ್ಟೇ ಇದ್ದು ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಹೆಚ್ಚುಕಡಿಮೆ ಒಂದೇ ಕರೆಂಟು ಸಾಗಿಸುವ ಅಕ್ಕಪಕ್ಕದ ಎರಡು ಮಹಡಿಗಳ ಜೋಡಣೆಗಳನ್ನು ಹೋಲಿಸುವುದು ಸರಿಯಾದ ವಿಧಾನ. ಒಂದು ಮಾತ್ರ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಕರೆಂಟು ಕಾರಣವಲ್ಲ, ಜೋಡಣೆಯೇ ಕಾರಣ.

ಮೊದಲ ನೂರನೇ ಒಂದು ಸೆಕೆಂಡು

ಈಗ ಶಾರ್ಟ್ ಸರ್ಕ್ಯೂಟ್. ಕಟ್ಟಡಕ್ಕೆ 1000 ಕೆವಿಎ ಟ್ರಾನ್ಸ್‌ಫಾರ್ಮರ್ ಇದೆ, ಅದರ ಇಂಪಿಡೆನ್ಸ್ ಶೇ. 5 ಎನ್ನೋಣ. 433 ವೋಲ್ಟಿನಲ್ಲಿ ಅದರ ಪೂರ್ಣ ಕರೆಂಟು 1333 ಆಂಪಿಯರ್. ಅದರ ಹೊರಬಾಗಿಲಲ್ಲೇ ಮೂರು ಫೇಸ್ ಒಂದಕ್ಕೊಂದು ತಗುಲಿದರೆ ಹರಿಯುವ ಕರೆಂಟು ಇದರ 20 ಪಟ್ಟು: ಸುಮಾರು 26.7 ಕಿಲೋ ಆಂಪಿಯರ್.

ಈ ಕರೆಂಟು ಬಸ್‌ಬಾರಿಗೆ ಎರಡು ಬೇರೆ ಬೇರೆ ಬಗೆಯಲ್ಲಿ ಹೊಡೆತ ಕೊಡುತ್ತದೆ. ಮೊದಲನೆಯದು ಶಾಖ. ನಮ್ಮ 600 ಚದರ ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯಲ್ಲಿ 26.7 ಕಿಲೋ ಆಂಪಿಯರ್ 1 ಸೆಕೆಂಡು ಹರಿದರೆ ಅದರ ಉಷ್ಣತೆ ಸುಮಾರು 30 ಡಿಗ್ರಿ ಏರುತ್ತದೆ. ಬ್ರೇಕರ್ 0.3 ಸೆಕೆಂಡಿನಲ್ಲಿ ಕಡಿದರೆ ಏರಿಕೆ 9 ಡಿಗ್ರಿ ಮಾತ್ರ. ಬೇಗ ಕಡಿದಷ್ಟೂ ಒಳ್ಳೆಯದು.

ಎರಡನೆಯದು ಬಲ. ಕರೆಂಟು ಹರಿಯುವ ಎರಡು ಪಟ್ಟಿಗಳು ಒಂದನ್ನೊಂದು ಎಳೆಯುತ್ತವೆ ಇಲ್ಲವೇ ತಳ್ಳುತ್ತವೆ, ಮತ್ತು ಆ ಬಲವೂ ಕರೆಂಟಿನ ವರ್ಗದಂತೆ ಬೆಳೆಯುತ್ತದೆ. ಶಾರ್ಟ್ ಆದ ಮೊದಲ ಅಲೆಯಲ್ಲಿ ಕರೆಂಟಿನ ಶಿಖರ 26.7ರ 2.1 ಪಟ್ಟು, ಎಂದರೆ 56 ಕಿಲೋ ಆಂಪಿಯರ್ ಮುಟ್ಟಬಹುದು ಎಂದು ಮಾನಕ ಲೆಕ್ಕ ಹಿಡಿಯುತ್ತದೆ. ಪಟ್ಟಿಗಳ ನಡುವೆ 10 ಸೆಂ.ಮೀ. ಗಾಳಿ ಬಿಟ್ಟು ಕಟ್ಟಿದ ಹಳೆಯ ಮಾದರಿಯಲ್ಲಿ ಆ ಕ್ಷಣ ನಡುವಿನ ಪಟ್ಟಿಯ ಪ್ರತಿ ಮೀಟರಿನ ಮೇಲೆ ಸುಮಾರು 550 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಪಟ್ಟಿ ಬಾಗದಿರಬೇಕಾದರೆ ಹತ್ತಿರ ಹತ್ತಿರ ಗಟ್ಟಿ ಆಧಾರಗಳು ಬೇಕು. ಈಗ ಹೆಚ್ಚು ಬಳಕೆಯಲ್ಲಿರುವ ಸ್ಯಾಂಡ್‌ವಿಚ್ ಮಾದರಿಯಲ್ಲಿ ಪಟ್ಟಿಗಳ ನಡುವೆ ತೆಳು ನಿರೋಧಕ ಪೊರೆ ಬಿಟ್ಟರೆ ಬೇರೇನೂ ಇಲ್ಲ. ಬಲ ಅಲ್ಲಿಯೂ ಇರುತ್ತದೆ, ಆದರೆ ಪಟ್ಟಿ ಅಲುಗಲು ಜಾಗವಿಲ್ಲ. ಹೊರಗಿನ ಕವಚ ಉದ್ದಕ್ಕೂ ಅವನ್ನು ಅದುಮಿ ಹಿಡಿದಿರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಆ ಶಿಖರ ಬರುವುದು ಶಾರ್ಟ್ ಆದ ಸುಮಾರು ನೂರನೇ ಒಂದು ಸೆಕೆಂಡಿನಲ್ಲಿ. ಆ ಹೊತ್ತಿಗೆ 0.3 ಸೆಕೆಂಡಿಗೆ ಹೊಂದಿಸಿದ ಬ್ರೇಕರ್ ಇನ್ನೂ ಅಲುಗಿರುವುದಿಲ್ಲ. ಬ್ರೇಕರನ್ನು ಚುರುಕುಗೊಳಿಸಿ ಶಾಖದ ಹೊಡೆತವನ್ನು ತಗ್ಗಿಸಬಹುದು, ಬಲದ ಹೊಡೆತವನ್ನು ಹಾಗೆ ತಗ್ಗಿಸಲು ಬರುವುದಿಲ್ಲ. ಅದಕ್ಕೇ ತಯಾರಕರ ಪ್ರಮಾಣಪತ್ರದಲ್ಲಿ ಎರಡು ಅಂಕಿಗಳನ್ನು ಬೇರೆಯಾಗಿ ನೋಡಬೇಕು: 1 ಸೆಕೆಂಡು ತಾಳುವ ಕರೆಂಟು ಎಷ್ಟು, ಶಿಖರ ತಾಳುವ ಕರೆಂಟು ಎಷ್ಟು. ನಮ್ಮ ಕಟ್ಟಡಕ್ಕೆ ಮೊದಲನೆಯದು 26.7ಕ್ಕಿಂತ, ಎರಡನೆಯದು 56ಕ್ಕಿಂತ ಹೆಚ್ಚಿರಬೇಕು. 35 ಕಿಲೋ ಆಂಪಿಯರ್, 1 ಸೆಕೆಂಡಿನ ಬಸ್‌ಬಾರ್ ಆರಾಮವಾಗಿ ಸಾಕು. ಆದರೆ ಮುಂದೊಂದು ದಿನ ಅಂಥದೇ ಇನ್ನೊಂದು ಟ್ರಾನ್ಸ್‌ಫಾರ್ಮರನ್ನು ಸಮಾನಾಂತರವಾಗಿ ಜೋಡಿಸಿದರೆ ಶಾರ್ಟಿನ ಕರೆಂಟು 53 ಕಿಲೋ ಆಂಪಿಯರಿಗೆ ಏರುತ್ತದೆ. ಮನೆಗಳ ಲೋಡು ಒಂದಿಷ್ಟೂ ಹೆಚ್ಚದಿದ್ದರೂ ಅಂದಿಗೆ ಅದೇ ಬಸ್‌ಬಾರ್ ಅಪಾಯಕಾರಿಯಾಗುತ್ತದೆ.

ಮೇಲೇರಿದಂತೆ ಬಸ್‌ಬಾರ್‌ನದೇ ತಡೆಯಿಂದ ಈ ಕರೆಂಟು ಇಳಿಯುತ್ತದೆ. ಮೊದಲ ಮಹಡಿಯಲ್ಲಿ ಸುಮಾರು 25, ಮೂವತ್ತನೆಯದರಲ್ಲಿ 18 ಕಿಲೋ ಆಂಪಿಯರ್. ಇಳಿದರೂ ಮನೆಗಳಲ್ಲಿ ಹಾಕುವ 10 ಕಿಲೋ ಆಂಪಿಯರಿನ ಎಂಸಿಬಿಗೆ ಇದು ನಿಲುಕದ ಮಾತು. ಟ್ಯಾಪ್-ಆಫ್ ಬಾಕ್ಸಿನಲ್ಲಿ ಅದಕ್ಕೆ ತಕ್ಕ ಎಂಸಿಸಿಬಿ ಇಲ್ಲವೇ ಫ್ಯೂಸು ಎಲ್ಲ ಮಹಡಿಯಲ್ಲೂ ಇರಲೇಬೇಕು.

ಸ್ಲ್ಯಾಬಿನ ತೂತು

ಬಸ್‌ಬಾರ್ ಮೇಲೇರಬೇಕಾದರೆ ಪ್ರತಿ ಮಹಡಿಯ ಸ್ಲ್ಯಾಬಿನಲ್ಲಿ ತೂತು ಬೇಕು. ಮೂವತ್ತು ಮಹಡಿಗಳ ತೂತು ತೆರೆದೇ ಉಳಿದರೆ ಶಾಫ್ಟು ಹೊಗೆಕೊಳವೆಯಾಗುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ, ಹೊಗೆಯ ಅನಾಹುತದಲ್ಲಿ 9 ಮಂದಿ ಸತ್ತರು. ಅದು ಕಚೇರಿ ಕಟ್ಟಡ. ಆದರೆ ಮಹಡಿಗಳ ತುಂಬ ಹೊಗೆ ಕವಿದರೆ ಏನಾಗುತ್ತದೆ ಎಂಬ ಪಾಠ ಎಲ್ಲ ಎತ್ತರದ ಕಟ್ಟಡಗಳಿಗೂ ಅನ್ವಯಿಸುತ್ತದೆ. ವಿದ್ಯುತ್ ಶಾಫ್ಟನ್ನು ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು, ನೀರಿನ ಪೈಪು, ಗ್ಯಾಸ್ ಪೈಪು, ಟೆಲಿಫೋನ್ ತಂತಿಗಳನ್ನು ಅದರೊಳಗೆ ಒಯ್ಯಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ.

ಮುಚ್ಚುವ ಕೆಲಸ ಎರಡು ಕಡೆ ಆಗಬೇಕು. ಬಸ್‌ಬಾರ್ ಮತ್ತು ಸ್ಲ್ಯಾಬಿನ ನಡುವಿನ ಹೊರಸಂದಿಯನ್ನು ಕಲ್ಲುಣ್ಣೆಯ ಹಲಗೆ ಮತ್ತು ಬಿಸಿಗೆ ಉಬ್ಬುವ ಸೀಲಂಟಿನಿಂದ ತುಂಬುತ್ತಾರೆ. ಬಸ್‌ಬಾರ್‌ನ ಒಳಗೆ ಗಾಳಿಯಿರುವ ಮಾದರಿಯಾದರೆ ಆ ಟೊಳ್ಳಿನಲ್ಲೂ ಬೆಂಕಿ ಏರುತ್ತದೆ. ಅದಕ್ಕೆ ಕಾರ್ಖಾನೆಯಲ್ಲೇ ಒಳತಡೆ ಕೂರಿಸಿದ ತುಂಡು ಬೇಕು, ಮತ್ತು ಆ ತಡೆ ಸ್ಲ್ಯಾಬಿನ ಮಟ್ಟಕ್ಕೇ ಬಂದು ನಿಲ್ಲಬೇಕು. ಸ್ಯಾಂಡ್‌ವಿಚ್ ಮಾದರಿಯಲ್ಲಿ ಪಟ್ಟಿಗಳ ನಡುವೆ ಟೊಳ್ಳಿಲ್ಲವಾದ್ದರಿಂದ ಈ ಕಷ್ಟ ಕಡಿಮೆ. ಹಾಗಿದ್ದರೂ ಅದೇ ಮಾದರಿಯನ್ನು ಅದೇ ಬಗೆಯ ಮುಚ್ಚಿಗೆಯೊಂದಿಗೆ ಪರೀಕ್ಷಿಸಿದ ಪ್ರಮಾಣಪತ್ರ ಇರಲೇಬೇಕು.

2 ಗಂಟೆಯ ತಡೆ ಎಂದರೆ ಏನು? ಪರೀಕ್ಷೆಯ ಕುಲುಮೆಯ ಉಷ್ಣತೆ ಒಂದು ನಿಗದಿತ ರೇಖೆಯಂತೆ ಏರುತ್ತದೆ. 2 ಗಂಟೆಯ ಹೊತ್ತಿಗೆ ಅದು 1049 ಡಿಗ್ರಿ. ಅಲ್ಯೂಮಿನಿಯಂ ಕರಗುವ 660 ಡಿಗ್ರಿಯನ್ನು ಅದು ಸುಮಾರು 9ನೇ ನಿಮಿಷಕ್ಕೇ ದಾಟುತ್ತದೆ. ಹೀಗಾಗಿ ಬೆಂಕಿ ಬಿದ್ದ ಮಹಡಿಯಲ್ಲಿ ಅಲ್ಯೂಮಿನಿಯಂ ಪಟ್ಟಿಗಳು ಉಳಿಯುವ ಭರವಸೆಯಿಲ್ಲ. ತಡೆ ಕೊಡುವ ಭರವಸೆ ಬೇರೆ: 2 ಗಂಟೆಯವರೆಗೆ ಜ್ವಾಲೆ ಮೇಲಿನ ಮಹಡಿಗೆ ದಾಟುವುದಿಲ್ಲ, ಮೇಲ್ಬದಿಯ ಉಷ್ಣತೆ ಯಾವ ಬಿಂದುವಿನಲ್ಲೂ 180 ಡಿಗ್ರಿಗಿಂತ ಹೆಚ್ಚು ಏರುವುದಿಲ್ಲ. ಬೆಂಕಿಯ ಹೊತ್ತಿನಲ್ಲಿ ಕರೆಂಟು ಹರಿಯುತ್ತಲೇ ಇರಬೇಕೆಂಬುದು ಇನ್ನೊಂದೇ ಗುಣ. ಅಗ್ನಿಶಾಮಕ ಲಿಫ್ಟು, ಪಂಪುಗಳನ್ನು ಈ ಬಸ್‌ಬಾರಿಗೆ ಜೋಡಿಸದೆ, ಬೆಂಕಿ ತಾಳುವ ಪ್ರತ್ಯೇಕ ಲೈನಿನಲ್ಲಿ ಒಯ್ಯುವುದು ಇದೇ ಕಾರಣಕ್ಕೆ.

ಬಿಸಿಯ ಲೆಕ್ಕ ಮತ್ತು ಬೆಂಕಿ ತಡೆಯ ಲೆಕ್ಕ ಇಲ್ಲಿ ಒಂದನ್ನೊಂದು ಸಂಧಿಸುತ್ತವೆ. 90 ಮೀಟರಿನ ಅಲ್ಯೂಮಿನಿಯಂ 60 ಡಿಗ್ರಿ ಬಿಸಿಯಾದರೆ ಸುಮಾರು 12 ಸೆಂ.ಮೀ. ಉದ್ದವಾಗುತ್ತದೆ, ಮಹಡಿಗೆ 4 ಮಿ.ಮೀ. ಇದಕ್ಕಾಗಿಯೇ ಬಸ್‌ಬಾರನ್ನು ಸ್ಪ್ರಿಂಗ್ ಆಧಾರಗಳ ಮೇಲೆ ಕೂರಿಸುತ್ತಾರೆ, ನಡುನಡುವೆ ಹಿಗ್ಗುವ ತುಂಡುಗಳನ್ನು ಹಾಕುತ್ತಾರೆ. ಸಂದಿಗೆ ಸಿಮೆಂಟು ತುಂಬಿ ಗಟ್ಟಿ ಮಾಡಿದರೆ ಬಸ್‌ಬಾರ್ ಅಲುಗಲಾರದು. ಬಿಗಿತವೆಲ್ಲ ಜೋಡಣೆಯ ಮೇಲೆ ಬೀಳುತ್ತದೆ, ಇಲ್ಲವೇ ಸಿಮೆಂಟು ಬಿರಿದು ಹೊಗೆಗೆ ದಾರಿಯಾಗುತ್ತದೆ. ತಡೆ ಮೃದುವಾಗಿರಬೇಕು. ಇನ್ನೊಂದು, ಮುಚ್ಚಿಗೆಯೊಳಗೆ ಬಸ್‌ಬಾರ್‌ನ ಶಾಖ ಸುಲಭವಾಗಿ ಹೊರಹೋಗುವುದಿಲ್ಲ. ಸ್ಲ್ಯಾಬಿನ ದಪ್ಪ 15 ಸೆಂ.ಮೀ. ಇದ್ದರೆ ಲೋಹದ ಮೂಲಕವೇ ಶಾಖ ಎರಡೂ ಬದಿಗೆ ಹರಿದು ಹೋಗುತ್ತದೆ. ಆದರೆ ಜೋಡಣೆಯೇ ಸ್ಲ್ಯಾಬಿನೊಳಗೆ ಸಿಕ್ಕಿಹಾಕಿಕೊಂಡರೆ? ಮಹಡಿಯ ಎತ್ತರವನ್ನು ನಕ್ಷೆಯಲ್ಲಿ ನೋಡಿ ಆರ್ಡರ್ ಕೊಟ್ಟು, ಸೈಟಿನಲ್ಲಿ ಅಳೆಯದೆ ಹೋದಾಗ ಹೀಗಾಗುತ್ತದೆ. ಅತಿ ಬಿಸಿಯಾಗುವ ಬಿಂದು ಅತಿ ಕಡಿಮೆ ತಣಿಯುವ ಜಾಗದಲ್ಲಿ ಹೂತುಹೋಗುತ್ತದೆ. ಅಲ್ಲಿಗೆ ಸ್ಪ್ಯಾನರೂ ಹೋಗದು, ಕ್ಯಾಮೆರಾವೂ ಕಾಣದು.

ನಿಮ್ಮ ಕಟ್ಟಡದಲ್ಲಿ

ಬಸ್‌ಬಾರ್‌ನ ಗಾತ್ರವನ್ನು ಒಂದು ಅಂಕಿಯಿಂದ ತೀರ್ಮಾನಿಸಲಾಗದು ಎಂಬುದೇ ಈ ಅಧ್ಯಾಯದ ಸಾರ. ಅತಿ ಬಿಸಿಯಾದ ಶಾಫ್ಟು, ಅತಿ ದೊಡ್ಡ ಶಾರ್ಟ್ ಸರ್ಕ್ಯೂಟು, ಅತಿ ದುರ್ಬಲವಾಗಿ ಮುಚ್ಚಿದ ಸ್ಲ್ಯಾಬು, ಈ ಮೂರನ್ನೂ ದಾಟಿ ಉಳಿದದ್ದೇ ಅದರ ನಿಜವಾದ ಸಾಮರ್ಥ್ಯ.

ನೀವು ಎತ್ತರದ ಕಟ್ಟಡದ ನಿವಾಸಿಯಾಗಿದ್ದರೆ ನಿಮ್ಮ ಸಂಘದ ಮೂಲಕ ಬಿಲ್ಡರನ್ನು ಮೂರು ಕಾಗದ ಕೇಳಿ. ಶಾಫ್ಟಿನ ಉಷ್ಣತೆ ಎಷ್ಟೆಂದು ಹಿಡಿದು ಸಾಮರ್ಥ್ಯ ಲೆಕ್ಕ ಹಾಕಿದ್ದಾರೆ? ಶಾರ್ಟ್ ಸರ್ಕ್ಯೂಟಿನ ಎರಡೂ ಅಂಕಿಗಳು ಎಷ್ಟು? ಸ್ಲ್ಯಾಬಿನ ತಡೆಯ ಪರೀಕ್ಷಾ ಪ್ರಮಾಣಪತ್ರ ಎಲ್ಲಿದೆ? ನಂತರ ವರ್ಷಕ್ಕೊಮ್ಮೆ ನಿಮ್ಮ ಎಲೆಕ್ಟ್ರಿಷಿಯನ್ ಜೊತೆ ಹೋಗಿ ಶಾಫ್ಟಿನ ಬಾಗಿಲು ತೆರೆಸಿ. ಒಬ್ಬರು ಮೇಲಿನ ಮಹಡಿಯಲ್ಲಿ ನಿಂತು ಸ್ಲ್ಯಾಬಿನ ಮುಚ್ಚಿಗೆಯ ಸುತ್ತ ಟಾರ್ಚ್ ಬಿಡಲಿ, ಇನ್ನೊಬ್ಬರು ಕೆಳಗಿನಿಂದ ನೋಡಲಿ. ಇಂಟರ್ನೆಟ್ ಕೇಬಲ್ ಎಳೆಯಲು ಬಂದವರು ಮುಚ್ಚಿಗೆ ಕೊರೆದು ಹಾಗೇ ಬಿಟ್ಟುಹೋಗುವುದು ತೀರ ಸಾಮಾನ್ಯ. ಕೆಳಗೆ ಬೆಳಕು ಕಂಡರೆ ಹೊಗೆಗೂ ಅಲ್ಲಿ ದಾರಿಯಿದೆ, ಅಂದೇ ಮುಚ್ಚಿಸಿ.